ಐವತ್ತು ಸೆಕೆಂಡಿನ ಹೈಲೈಟ್ಸ್

ಕಳೆದ ವರ್ಷ ಜೂನ್ 5ರ ಬೆಳಿಗ್ಗೆ, ಆಫೀಸಿಗೆ ಹೊರಡೋ ಹೊತ್ತಿಗೆ ಯೂಟ್ಯೂಬ್‌ನಿಂದ ಮೇಲ್ ಬಂತು. ನನ್ನ ಚಾನೆಲ್‌ಗೆ ಕಾಪಿರೈಟ್ ಸ್ಟ್ರೈಕ್ ಬಿದ್ದಿತ್ತು. ನಮ್ಮದೇನು ದೊಡ್ಡ ಚಾನೆಲ್ ಅಲ್ಲ ಬಿಡಿ. ನಾನು ಕ್ರಿಕೆಟ್ ಬಗ್ಗೆ ಕನ್ನಡದಲ್ಲಿ ಹರಟೋ ಹತ್ತಾರು ವಿಡಿಯೊ, ಜೊತೆಗೆ ತೀರಿಹೋದ ನಮ್ಮಜ್ಜ ಹೇಳಿದ ಕಥೆಗಳ ಹನ್ನೊಂದು ರೆಕಾರ್ಡಿಂಗು. ಅವನ್ನು ತೆಗೆದ ಹಳೇ ಫೋನು ಎಂದೋ ಸತ್ತಿತ್ತು. ಬೇರೆಲ್ಲೂ ಕಾಪಿ ಇರಲಿಲ್ಲ. 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ಒಂದು ವಿಡಿಯೊ ಅಲ್ಲ, ಇಡೀ ಚಾನೆಲ್ಲೇ ಹೋಗುತ್ತೆ ಅಂತ ಓದಿದಾಗ ಕೈ ತಣ್ಣಗಾಯಿತು.

ಮಾಡಿದ್ದಿಷ್ಟೆ. ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಗೆದ್ದ ಖುಷಿಗೆ ಟಿವಿ ಮುಂದೆ ಫೋನ್ ಹಿಡಿದು ಕೊನೆ ಓವರಿನ ಐವತ್ತು ಸೆಕೆಂಡು ತೆಗೆದು ಹಾಕಿದ್ದೆ. ಟೈಟಲ್: ‘ಆರ್‌ಸಿಬಿ ಫೈನಲ್ ಫುಲ್ ಹೈಲೈಟ್ಸ್ ಎಚ್‌ಡಿ’. ಕೆಳಗೆ ಡಿಸ್ಕ್ರಿಪ್ಷನ್‌ನಲ್ಲಿ, ಎಲ್ಲರೂ ಹಾಕ್ತಾರಲ್ಲ ಅಂತ, ‘ಕಾಪಿರೈಟ್ ಉಲ್ಲಂಘಿಸುವ ಉದ್ದೇಶವಿಲ್ಲ, ಎಲ್ಲ ಹಕ್ಕು ಮಾಲೀಕರದ್ದು’ ಅನ್ನೋ ಸಾಲು. ಈಗ ಯೋಚಿಸಿದರೆ ನಗು ಬರುತ್ತೆ. ಇದು ನನ್ನದಲ್ಲ ಅಂತ ನಾನೇ ಬರೆದುಕೊಟ್ಟ ತಪ್ಪೊಪ್ಪಿಗೆ ಅದು.

ಹತ್ತು ಸೆಕೆಂಡಿಗಿಂತ ಕಡಿಮೆ ಇದ್ದರೆ ಪರವಾಗಿಲ್ಲ ಅಂತ ಗೆಳೆಯನೊಬ್ಬ ಹೇಳಿದ್ದ. ಅದೂ ಸುಳ್ಳು. 2016ರಲ್ಲಿ ಲಂಡನ್ನಿನ ಹೈಕೋರ್ಟಿಗೆ ಇಂಥದೇ ಕೇಸ್ ಹೋಗಿತ್ತು. ಇಂಗ್ಲೆಂಡ್ ಕ್ರಿಕೆಟ್ ಮಂಡಳಿಯ ಪಂದ್ಯಗಳ ಎಂಟೇ ಸೆಕೆಂಡಿನ ತುಣುಕುಗಳನ್ನು ಹಂಚುತ್ತಿದ್ದ ಆ್ಯಪ್ ಅದರಲ್ಲಿ ಸೋತಿತು. ವಿಕೆಟ್ಟು, ಸಿಕ್ಸರು ಇರೋದೇ ಆ ಎಂಟು ಸೆಕೆಂಡಿನಲ್ಲಿ ತಾನೆ? ನಮ್ಮಲ್ಲಿ 1957ರ ಕಾಪಿರೈಟ್ ಕಾಯ್ದೆಯ 37ನೇ ಸೆಕ್ಷನ್ ಪ್ರಸಾರಕರಿಗೆ 25 ವರ್ಷದ ಪ್ರತ್ಯೇಕ ಹಕ್ಕನ್ನೇ ಕೊಡುತ್ತೆ. ಸುದ್ದಿಗೆ, ವಿಮರ್ಶೆಗೆ ಸ್ವಲ್ಪ ವಿನಾಯಿತಿ ಇದೆ, ನಿಜ. ಸುಮ್ಮನೆ ತುಣುಕು ತೋರಿಸಿ ಕೂತ ನನ್ನ ವಿಡಿಯೊದಲ್ಲಿ ವಿಮರ್ಶೆ ಎಲ್ಲಿತ್ತು?

ಗಾಬರಿಯಲ್ಲಿ ವಿಡಿಯೊ ಡಿಲೀಟ್ ಮಾಡೋಕೆ ಹೊರಟೆ. ಅದರಿಂದ ಸ್ಟ್ರೈಕ್ ಹೋಗಲ್ಲ. ಕಾಪಿರೈಟ್ ಪಾಠ ನೋಡಿ ಮುಗಿಸಿ 90 ದಿನ ಕಾಯಬೇಕು, ಇಲ್ಲಾ ದೂರು ಕೊಟ್ಟವರು ವಾಪಸ್ ತಗೋಬೇಕು. ಆಮೇಲೆ ದೃಶ್ಯ ತೆಗೆದು ಕಾಮೆಂಟರಿ ಮಾತ್ರ ಉಳಿಸಿದ ಇನ್ನೊಂದು ವಿಡಿಯೊ ಹಾಕಿದೆ (ಬುದ್ಧಿ ಬೇಗ ಬರಲ್ಲ). ಅದಕ್ಕೆ ಕಂಟೆಂಟ್ ಐಡಿ ಕ್ಲೇಮ್ ಬಂತು. ಇದು ಸ್ಟ್ರೈಕ್ ಅಲ್ಲ. ಯಂತ್ರ ಧ್ವನಿಯನ್ನು ಗುರುತಿಸಿ ವಿಡಿಯೊ ತಡೆಯಿತು, ಅಷ್ಟೆ. ಕಾಮೆಂಟರಿಯೂ ಪ್ರಸಾರಕರದ್ದೇ ಅಂತ ಆಗ ಹೊಳೆಯಿತು.

ಹಾಗಾದರೆ ನಮಗೆ ಉಳಿದಿರೋದೇನು? ಪಂದ್ಯ ನಡೆದ ಸಂಗತಿ. ಯಾರು ಆಡಿದರು, ಯಾವತ್ತು, ಎಷ್ಟು ರನ್ನು ಅನ್ನೋದನ್ನು ನಮ್ಮ ಮಾತಲ್ಲಿ ಹೇಳೋದಕ್ಕೆ ಕಾಪಿರೈಟ್ ಅಡ್ಡ ಬರಲ್ಲ. ಮೂರನೇ ಸಲ ನನ್ನ ಮುಖ, ನನ್ನ ದನಿ, ನಾನೇ ಬರೆದ ಸ್ಕೋರ್ ಪಟ್ಟಿ ಇಟ್ಟುಕೊಂಡು ಕೂತೆ. ಥಂಬ್‌ನೇಲ್‌ಗೆ ತಂಡದ ಲೋಗೊ ಹಾಕಲಿಲ್ಲ, ಆಟಗಾರರ ಫೋಟೊನೂ ಇಲ್ಲ. ಕೆಂಪು ಹಿನ್ನೆಲೆಯಲ್ಲಿ ಅಕ್ಷರ ಮಾತ್ರ.

ಟೈಟಲ್‌ಗೇ ಅರ್ಧ ಗಂಟೆ ಹಿಡಿಯಿತು. ‘ಆರ್‌ಸಿಬಿ ಫೈನಲ್, 6 ರನ್’ ಅಂತ ಮೊದಲು ಬರೆದೆ. ಆದರೆ 2009ರ ಮೇ 24ರ ಫೈನಲ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ ಎದುರು ನಾವು ಸೋತಿದ್ದೂ ಆರೇ ರನ್ನಿಂದ! ಹೆಣ್ಮಕ್ಕಳ ತಂಡ 2024ರ ಮಾರ್ಚ್ 17ರಂದೇ ಕಪ್ ಎತ್ತಿತ್ತು ಬೇರೆ. ಎದುರಾಳಿ, ಟೂರ್ನಿ, ದಿನಾಂಕ ಮೂರೂ ಇರದಿದ್ದರೆ ಹುಡುಕುವವರಿಗೆ ಯಾವ ಪಂದ್ಯ ಅಂತ ಗೊತ್ತಾಗಲ್ಲ. ತಿಂಗಳನ್ನು ಅಕ್ಷರದಲ್ಲೇ ಬರೆದೆ. 3/6 ಅಂದರೆ ಅಮೆರಿಕದಲ್ಲಿರೋ ನನ್ನಕ್ಕನಿಗೆ ಅದು ಮಾರ್ಚ್ 6. ಕೊನೆಗೆ ನಿಂತದ್ದು ಹೀಗೆ:

‘ಆರ್‌ಸಿಬಿ–ಪಂಜಾಬ್ ಕಿಂಗ್ಸ್, ಐಪಿಎಲ್ ಫೈನಲ್, 3 ಜೂನ್ 2025: ಕೊನೆ ಓವರಿನ ಲೆಕ್ಕ’

‘ಹೈಲೈಟ್ಸ್’ ಪದವನ್ನು ಬೇಕಂತಲೇ ಬಿಟ್ಟೆ. ಆ ಪದ ನೋಡಿದವರು ಆಟದ ದೃಶ್ಯ ಹುಡುಕಿಕೊಂಡು ಬರ್ತಾರೆ. ಇಲ್ಲದ್ದನ್ನು ಇದೆ ಅನ್ನೋ ಟೈಟಲ್ಲು ಯೂಟ್ಯೂಬ್ ನಿಯಮಕ್ಕೂ ವಿರುದ್ಧ. ಡಿಸ್ಕ್ರಿಪ್ಷನ್‌ನ ಮೊದಲ ಸಾಲುಗಳಲ್ಲೇ ವಿಷಯ ಮುಗಿಸಿದೆ:

‘ಆರ್‌ಸಿಬಿ 190/9, ಪಂಜಾಬ್ 184/7. ಅಹಮದಾಬಾದಿನಲ್ಲಿ ಆರ್‌ಸಿಬಿಗೆ 6 ರನ್ ಗೆಲುವು. ಕೊನೆ ಓವರಿಗೆ 29 ಬೇಕಿತ್ತು, ಹೇಜಲ್‌ವುಡ್ ಎಸೆತಗಳಲ್ಲಿ ಶಶಾಂಕ್ ಸಿಂಗ್ 22 ಹೊಡೆದರು. ಇದು ನನ್ನ ಮಾತಿನ ವಿಶ್ಲೇಷಣೆ. ಪಂದ್ಯದ ದೃಶ್ಯ, ಕಾಮೆಂಟರಿ ಇಲ್ಲ. ಅಧಿಕೃತ ಹೈಲೈಟ್ಸ್‌ಗೆ ಕೆಳಗಿನ ಲಿಂಕ್ ನೋಡಿ.’

ಲಿಂಕ್ ಐಪಿಎಲ್‌ನ ಸ್ವಂತ ವೆಬ್‌ಸೈಟಿನದ್ದು. ಬೇರೆ ಯಾರೋ ಎತ್ತಿ ಹಾಕಿದ ಕಾಪಿಯದ್ದಲ್ಲ.

ಸೆಪ್ಟೆಂಬರ್ 3ಕ್ಕೆ ಸ್ಟ್ರೈಕ್ ಕಳಚಿತು. ಅಷ್ಟರಲ್ಲಿ ಅಜ್ಜನ ಹನ್ನೊಂದು ಕಥೆಗಳೂ ಎರಡು ಹಾರ್ಡ್ ಡಿಸ್ಕಿಗೆ ಇಳಿದಿದ್ದವು. ಶಿವಮೊಗ್ಗದಿಂದ ಚಿಕ್ಕಪ್ಪ ಫೋನ್ ಮಾಡಿ, “ಲೋ, ಇಷ್ಟೊತ್ತು ಮಾತಾಡಿದ್ಯ, ಒಂದು ಬಾಲೂ ತೋರಿಸ್ಲಿಲ್ವಲ್ಲೋ” ಅಂದರು. “ಕೆಳಗೆ ಲಿಂಕ್ ಇದೆ ನೋಡಿ ಚಿಕ್ಕಪ್ಪ” ಅಂದೆ.