ತಲೆನೋವಿನ ಹಿಂದಿದ್ದ ನೋವು

ಖಾನಾಪುರದ ಕಡೆಯಿಂದ ದುಡಿಯಲೆಂದು ಗೋವಾಕ್ಕೆ ಹೋಗಿ ನೆಲೆಸಿದ ಕುಟುಂಬ ಅದು. ಮನೆಯ ಯಜಮಾನಿಗೆ ನಲವತ್ತೆರಡು ವರ್ಷ. ಮಗ ಹನ್ನೆರಡನೆಯ ತರಗತಿಯ ವಿದ್ಯಾರ್ಥಿ. 2014ರ ಮಳೆಗಾಲದಲ್ಲಿ ಆಕೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಲಿನಲ್ಲಿ ನಿಂತದ್ದು ಅದು ಐದನೆಯ ಸಲ. ಪ್ರತಿ ಸಲವೂ ಹೇಳಿದ್ದು ಒಂದೇ: ತಲೆನೋವು, ಮೈಕೈ ನೋವು, ನಿದ್ದೆ ಇಲ್ಲ. ಪ್ರತಿ ಸಲವೂ ಸಿಕ್ಕಿದ್ದು ನೋವಿನ ಗುಳಿಗೆ ಮತ್ತು ಶಕ್ತಿಯ ಗುಳಿಗೆ.

ಮನೆಯಲ್ಲಿ ಮಗ ಮಾತ್ರ ಬೇರೇನನ್ನೋ ಗಮನಿಸಿದ್ದ. "ಅವ್ವಾ, ನೀ ಮೊದಲಿನಂಗ ಯಾಕ ಮಾತಾಡವಲ್ಲಿ?" ಎಂದು ಕೇಳಿದ್ದ. ಆಕೆಯ ಬಳಿ ಉತ್ತರವಿರಲಿಲ್ಲ.

ಆ ದಿನ ಸಾಲಿನಲ್ಲಿದ್ದಾಗಲೇ ಒಬ್ಬಾಕೆ ಬಂದು ಮರಾಠಿಯಲ್ಲಿ ಒಂಬತ್ತು ಪ್ರಶ್ನೆ ಕೇಳಿದಳು. ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲವೆನಿಸಿತೇ, ಮನಸ್ಸು ಕುಗ್ಗಿತೇ, ನಿದ್ದೆ, ಆಯಾಸ, ಹಸಿವು ಹೇಗೆ ಎಂಬಂಥವು. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ಆಸಕ್ತಿ, ನಿದ್ದೆ, ಆಯಾಸ ಈ ಮೂರಕ್ಕೂ ಮೂರು ಮೂರು. ಮನಸ್ಸಿನ ಕುಗ್ಗುವಿಕೆ, ಹಸಿವು, ಕೀಳರಿಮೆ, ಏಕಾಗ್ರತೆ ಈ ನಾಲ್ಕಕ್ಕೆ ಎರಡೆರಡು. ಕೂಡಿದರೆ 17. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆ ಬರುತ್ತದೆಯೇ ಎಂಬುದು. ಅದಕ್ಕೆ ಆಕೆಯ ಉತ್ತರ ಇಲ್ಲ ಎಂದಿತ್ತು. ಹೌದೆಂದಿದ್ದರೆ ಒಟ್ಟು ಅಂಕ ಎಷ್ಟೇ ಇರಲಿ, ವೈದ್ಯರು ಆ ಬಗ್ಗೆ ಅಂದೇ ವಿಚಾರಿಸಬೇಕು.

ಆಗ ಗೋವಾದ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಪ್ರಯೋಗ ನಡೆಯುತ್ತಿತ್ತು. ಅಂಕ ಹದಿನಾಲ್ಕನ್ನು ದಾಟಿದವರಲ್ಲಿ ಅರ್ಧ ಜನಕ್ಕೆ ಆಪ್ತ ಸಲಹೆ ಕೊಡಲಾಗುತ್ತಿತ್ತು. ಸಲಹೆಗಾರರು ವೈದ್ಯರಲ್ಲ, ಮನಶ್ಶಾಸ್ತ್ರ ಓದಿದವರೂ ಅಲ್ಲ. ತರಬೇತಿ ಪಡೆದ ಸ್ಥಳೀಯರು. ಆರರಿಂದ ಎಂಟು ಭೇಟಿ. ಒಂದೊಂದೂ ಸುಮಾರು ಅರ್ಧ ಗಂಟೆ.

ಆ ವಿಧಾನದ ತಿರುಳು ಸರಳ. ಮನಸ್ಸು ಕುಗ್ಗಿದಾಗ ಮನುಷ್ಯ ಕೆಲಸ, ಒಡನಾಟ ಬಿಡುತ್ತಾನೆ. ಬಿಟ್ಟಷ್ಟೂ ಸಂತೋಷದ ದಾರಿಗಳು ಮುಚ್ಚಿ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಉತ್ಸಾಹ ಬರಲಿ ಎಂದು ಕಾಯದೆ ಮೊದಲು ಮಾಡುವುದು, ಉತ್ಸಾಹ ಹಿಂದೆ ಬರುತ್ತದೆ ಎಂಬುದೇ ಚಿಕಿತ್ಸೆ.

ಮೊದಲ ವಾರ ಆಕೆ ಮಾಡಿದ ಕೆಲಸಗಳನ್ನೂ ಆಗ ಮನಸ್ಸು ಹೇಗಿತ್ತೆಂಬುದನ್ನೂ ಮಗ ವಹಿಯಲ್ಲಿ ಬರೆದುಕೊಟ್ಟ. ಮಧ್ಯಾಹ್ನಗಳೆಲ್ಲ ಮಲಗಿಯೇ ಕಳೆದಿದ್ದವು; ಅವೇ ಅತಿ ಕೆಟ್ಟ ಹೊತ್ತುಗಳೂ ಆಗಿದ್ದವು. ಎರಡನೆಯ ವಾರ ದಿನಾಲೂ ಪೇಟೆಗೆ ಹೋಗಿಬರುವುದೆಂದು ನಿಶ್ಚಯವಾಯಿತು. ಒಂದು ದಿನವೂ ಆಗಲಿಲ್ಲ. ಇಲ್ಲಿ ಎಡವುವುದು ಸಾಮಾನ್ಯ: ಕೆಲಸ ದೊಡ್ಡದಾಯಿತು, ಸೋತಾಗ ಕೀಳರಿಮೆ ಹೆಚ್ಚಿತು. ಸಲಹೆಗಾರ್ತಿ ಬುದ್ಧಿ ಹೇಳಲಿಲ್ಲ; ಕೆಲಸವನ್ನು ಚಿಕ್ಕದು ಮಾಡಿದಳು. ಮಂಗಳವಾರ ಮತ್ತು ಗುರುವಾರ ನಾಲ್ಕು ಗಂಟೆಗೆ, ಪಕ್ಕದ ಮನೆಯವಳ ಜೊತೆ ಹೊಸ್ತಿಲ ಮೇಲೆ ಕೂತು ಹತ್ತೇ ನಿಮಿಷ ಕೌದಿ ಹೊಲಿಯುವುದು. ನೆನಪಿಸುವ ಹೊಣೆ ಮಗನದು. ಹತ್ತು ನಿಮಿಷ ಅರ್ಧ ಗಂಟೆಯಾಯಿತು. ನಾಲ್ಕನೆಯ ಭೇಟಿಗೆ ಅಂಕ 13, ಏಳನೆಯದಕ್ಕೆ 6. ಹತ್ತಕ್ಕಿಂತ ಕೆಳಗಿಳಿದರೆ ಖಿನ್ನತೆ ಹಿಂಜರಿದಿದೆ ಎಂದು ಆ ಪ್ರಯೋಗದ ಲೆಕ್ಕ.

ಎಲ್ಲರಿಗೂ ಹೀಗಾಗಲಿಲ್ಲ. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ತಿಂಗಳಲ್ಲಿ ಸಲಹೆ ಪಡೆದವರಲ್ಲಿ ಶೇಕಡ 64 ಜನ ಈ ಹಂತ ಮುಟ್ಟಿದರು. ಪಡೆಯದವರಲ್ಲಿ ಶೇಕಡ 39. ಅಂದರೆ ಸಲಹೆ ಪಡೆದ ನೂರರಲ್ಲಿ ಮೂವತ್ತಾರು ಜನಕ್ಕೆ ಅಷ್ಟೇ ಸಾಲಲಿಲ್ಲ. ಭೇಟಿಗಳು ಮುಂದುವರಿದರೂ ಅಂಕ ಇಳಿಯದಿದ್ದರೆ ಔಷಧಿಗೋ ಮನೋವೈದ್ಯರ ಬಳಿಗೋ ಹೋಗಬೇಕಾಗುತ್ತದೆ. ಸಲಹೆಗಾರರಿಗೂ ಮೇಲ್ವಿಚಾರಣೆ ಬೇಕು. ಗೋವಾದಲ್ಲಿ ಅವರು ಗುಂಪಾಗಿ ಕೂತು, ಧ್ವನಿಮುದ್ರಿಸಿದ ಭೇಟಿಗಳನ್ನು ಕೇಳಿ, ಪರಸ್ಪರ ಅಂಕ ಕೊಟ್ಟುಕೊಳ್ಳುತ್ತಿದ್ದರು. ಈ ಪಾಠ ತಪ್ಪಿದರೆ ಭೇಟಿ ಬರಿಯ ಉಪದೇಶವಾಗಿಬಿಡುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಪ್ರಾಯಕ್ಕೆ ಬಂದ ಇಪ್ಪತ್ತು ಜನರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ. ಅವರಲ್ಲಿ ಹೆಚ್ಚಿನವರು ಚಿಕಿತ್ಸೆಯನ್ನೇ ಪಡೆದಿರುವುದಿಲ್ಲ. ಅನೇಕರು ಮನೋವೈದ್ಯರ ಬಾಗಿಲಿಗೆ ಹೋಗುವುದಿಲ್ಲ. ತಲೆನೋವೆಂದು ಹೇಳಿಕೊಂಡು ಹತ್ತಿರದ ಆರೋಗ್ಯ ಕೇಂದ್ರದ ಸಾಲಿನಲ್ಲಿ ನಿಲ್ಲುತ್ತಾರೆ. ಒಂಬತ್ತು ಪ್ರಶ್ನೆಗಳನ್ನು ಕೇಳಬೇಕಾದದ್ದು ಅಲ್ಲೇ. ಅಲ್ಲಿ ಕೇಳುವವರಿಲ್ಲದಿದ್ದರೆ, 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಕೊನೆಯ ಭೇಟಿಯಲ್ಲಿ ಆಕೆ ಮತ್ತು ಮಗ ಕೂಡಿ ಒಂದು ಚೀಟಿ ಬರೆದರು. ಮಧ್ಯಾಹ್ನ ಮಲಗುವುದು ಮತ್ತೆ ಶುರುವಾದರೆ, ಮಾತು ಕಡಿಮೆಯಾದರೆ, ಎರಡು ವಾರ ಕಾಯದೆ ಕೇಂದ್ರಕ್ಕೆ ಬರುವುದು. ಚೀಟಿಯನ್ನು ಮಗ ತನ್ನ ಪರೀಕ್ಷೆಯ ವೇಳಾಪಟ್ಟಿಯ ಪಕ್ಕದಲ್ಲೇ ಗೋಡೆಗೆ ಅಂಟಿಸಿದ.