ಬೇಢ

ಮಾವ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಅಲ್ಪಪ್ರಾಣ, ಮಹಾಪ್ರಾಣ ತಪ್ಪಿದರೆ ನನ್ನ ಕಿವಿ ಹಿಂಡುತ್ತಿದ್ದರು. ಕಳೆದ ವರ್ಷ ಅವರಿಂದಲೇ ನನ್ನ ಫೋನಿಗೆ ‘ಬೇಢ’ ಎಂದು ಬಂತು.

ಮೋಟಾರ್ ನ್ಯೂರಾನ್ ಕಾಯಿಲೆ ಅವರ ಮಾತನ್ನೂ ಕೈಕಾಲುಗಳನ್ನೂ ಕಸಿದುಕೊಂಡಿದೆ. ಬಲಗೈ ಹೆಬ್ಬೆರಳು ಮಾತ್ರ ತುಸು ಅಲುಗುತ್ತದೆ. ಅದರಡಿ ಒಂದು ಸ್ವಿಚ್ ಇದೆ. ಎದುರಿನ ಪರದೆಯಲ್ಲಿ ವರ್ಣಮಾಲೆ ಒಂಬತ್ತು ಸಾಲುಗಳಲ್ಲಿದೆ. ಬೆಳಕು ಒಂದೊಂದು ಸಾಲಿನ ಮೇಲೂ ಒಂದೂವರೆ ಸೆಕೆಂಡು ನಿಂತು ಕೆಳಗಿಳಿಯುತ್ತದೆ. ಬೇಕಾದ ಸಾಲಿಗೆ ಬಂದಾಗ ಒತ್ತಿದರೆ, ಆ ಸಾಲಿನೊಳಗೆ ಅಕ್ಷರದಿಂದ ಅಕ್ಷರಕ್ಕೆ ಸರಿಯುತ್ತದೆ. ಆಗ ಮತ್ತೊಮ್ಮೆ ಒತ್ತಬೇಕು.

‘ಬ’ ಇರುವುದು ಎಂಟನೆಯ ಸಾಲಿನ ಮೂರನೆಯ ಮನೆಯಲ್ಲಿ, ಅಂದರೆ ಹನ್ನೊಂದು ನಿಲುಗಡೆ. ‘ೇ’ ಗುಣಿತಕ್ಕೆ ಮತ್ತೆ ಹನ್ನೊಂದು, ‘ಡ’ಕ್ಕೆ ಒಂಬತ್ತು. ಒಂದೂ ತಪ್ಪದಿದ್ದರೆ ‘ಬೇಡ’ ಎನ್ನಲು ಮುಕ್ಕಾಲು ನಿಮಿಷ ಬೇಕು. ಬೆರಳು ಒಂದು ಕ್ಷಣ ತಡವಾದರೆ ‘ಡ’ ದಾಟಿ ‘ಢ’ ಬೀಳುತ್ತದೆ. ಅಳಿಸುವುದಕ್ಕೂ ಅಷ್ಟೇ ಸುತ್ತು. ಮಾವ ತಿದ್ದದೆ ಕಳಿಸಿದ್ದರು. ತಪ್ಪು ಯಾವಾಗಲೂ ಪಕ್ಕದ ಮನೆಯದೇ ಆದ್ದರಿಂದ ಅದನ್ನು ಓದುವುದು ನನಗೆ ಕಷ್ಟವಾಗಲಿಲ್ಲ. ನಾನು ಎಡವಿದ್ದು ಬೇರೆ ಕಡೆ.

ನಾನು ಕೇಳಿದ್ದು ಹೀಗೆ: ‘ಮಾವ, ಈ ಭಾನುವಾರ ಬರಲಾ, ಇಲ್ಲಾ ಮುಂದಿನ ವಾರ ಬರಲಾ?’ ‘ಬೇಢ’ ಬಂತು. ‘ಸರಿ ಮಾವ’ ಎಂದು ಬರೆದು ಗ್ರಂಥಾಲಯಕ್ಕೆ ಹೋದೆ. ಎಷ್ಟೋ ಹೊತ್ತಿನ ಮೇಲೆ ನೋಡಿದರೆ ‘ಮುಂದಿನ ವಾರ’ ಎಂದು ಬಂದಿತ್ತು. ಈಗ ಬೇಡ, ಮುಂದಿನ ವಾರ ಬಾ ಎಂದು ಓದಿಕೊಂಡೆ. ಅವರು ಹೇಳಿದ್ದು ಮುಂದಿನ ವಾರ ಬೇಡ ಎಂದು. ಬೆರಳು ಯಾವಾಗ ಸೋಲುತ್ತದೋ ತಿಳಿಯದವರು ಮುಖ್ಯವಾದ ಪದವನ್ನೇ ಮೊದಲು ಕಳಿಸುತ್ತಾರೆ. ವಾಕ್ಯದ ಬಾಲ ಮೊದಲು ಬರುತ್ತದೆ, ತಲೆ ಆಮೇಲೆ.

ಮುಂದಿನ ವಾರ ನಾನು ಹೋದಾಗ ಮಾವ ಆಸ್ಪತ್ರೆಯಲ್ಲಿದ್ದರು, ಎದೆಯಲ್ಲಿ ಕಫ ಕಟ್ಟಿತ್ತು. ಸ್ವಿಚ್ ಮನೆಯಲ್ಲೇ ಉಳಿದಿತ್ತು. ‘ಆ ಭಾನುವಾರವೆಲ್ಲಾ ಬಾಗಿಲನ್ನೇ ನೋಡ್ತಿದ್ರು ಕಣೋ’ ಎಂದರು ಅತ್ತೆ.

ಈಗ ನಾನು ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳುತ್ತೇನೆ. ಅರ್ಧ ಪದ ಬಂದಾಗ ಉಳಿದದ್ದನ್ನು ಊಹಿಸಿದರೂ ‘ಇದೇನಾ ಮಾವ?’ ಎಂದು ಕೇಳದೆ ಒಪ್ಪಿಕೊಳ್ಳುವುದಿಲ್ಲ. ಅವರು ಬರೆಯುತ್ತಿರುವಾಗ ನಡುವೆ ಏನನ್ನೂ ಕಳಿಸುವುದಿಲ್ಲ, ಕಳಿಸಿದರೆ ಯಾವ ಉತ್ತರ ಯಾವ ಪ್ರಶ್ನೆಗೆ ಎಂಬುದೇ ಕಲಸಿಹೋಗುತ್ತದೆ. ಮೊದಲ ಸಾಲಿನಲ್ಲಿ ಹೌದು, ಇಲ್ಲ ಎಂಬ ಸಿದ್ಧ ಪದಗಳ ಪಕ್ಕದಲ್ಲಿ ‘ಮುಗಿಯಿತು’ ಎಂಬುದನ್ನೂ ಸೇರಿಸಿದ್ದೇವೆ. ಅದು ಬರುವವರೆಗೆ ಅರ್ಥ ಕಟ್ಟುವುದಿಲ್ಲ.

ಮೊನ್ನೆ ಶನಿವಾರ ‘ನಾಳೆ ಬರಲಾ?’ ಎಂದು ಕೇಳಿದ್ದೆ. ‘ಮಳೆ’ ಎಂದು ಬಂತು. ಬೇಡವೆನ್ನುತ್ತಿದ್ದಾರೆ ಅನಿಸಿತು. ಫೋನನ್ನು ಮೇಜಿನ ಮೇಲಿಟ್ಟು ಕಾದೆ. ಒಂದೂವರೆ ನಿಮಿಷದ ಮೇಲೆ ‘ಕೊಡೆ’ ಬಂತು. ಆಮೇಲೆ ‘ಥಾ’. ಆಮೇಲೆ ‘ಮುಗಿಯಿತು’.