ಗುಂಪು ಬಿಟ್ಟರೆ ಕಂತು ನಿಲ್ಲದು

ಸೊರಬದ ನನ್ನ ನಾದಿನಿ ಮೊಬೈಲಿನಲ್ಲೇ ಕಸೂತಿ ಕಲಿಸುವ ಬಳಗವೊಂದಕ್ಕೆ ಸೇರಿದ್ದಳು. ತಿಂಗಳಿಗೆ 499 ರೂಪಾಯಿ; 5ನೇ ತಾರೀಖು ತಾನಾಗಿಯೇ ಖಾತೆಯಿಂದ ಹೋಗುವ ಏರ್ಪಾಡು. ನಾಲ್ಕು ತಿಂಗಳಾದ ಮೇಲೆ ಹೇಳಿದ್ದನ್ನೇ ಹೇಳತೊಡಗಿದರಂತೆ. ಬೇಸತ್ತು ವಾಟ್ಸಾಪ್ ಗುಂಪಿನಿಂದ ಹೊರಬಂದಳು.

3ನೇ ತಾರೀಖು ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ, ನಮ್ಮ ಮನೆಗೆ ಬಂದಿದ್ದಾಗ ಮೊಬೈಲಿಗೆ ಸಂದೇಶ: ನಾಡಿದ್ದು 499 ಕಡಿತ. "ಗುಂಪು ಬಿಟ್ಟೆನಲ್ಲ ಅತ್ತಿಗೆ, ಮತ್ಯಾಕೆ ದುಡ್ಡು ಹೋಗುತ್ತೆ?" ಅಂದಳು.

ಹೋಗದೆ ಏನು! ಗುಂಪು ಬೇರೆ, ಬ್ಯಾಂಕಿಗೆ ಕೊಟ್ಟ ಅಪ್ಪಣೆ ಬೇರೆ. ಸೇರುವಾಗ ಒಮ್ಮೆ ಪಿನ್ ಒತ್ತಿರುತ್ತೇವಲ್ಲ, ಅದೇ ಅಪ್ಪಣೆ. ಆ್ಯಪ್ ಅಳಿಸಿದರೂ ಅದು ಅಳಿಯದು. ಕಂತು ಹೋಗುವ 24 ಗಂಟೆ ಮೊದಲಾದರೂ ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ, ಪುಣ್ಯಕ್ಕೆ.

ಸೇರಿದಾಗಿನ ಷರತ್ತು ತೆಗೆದು ಓದಿದೆವು. ಯಾವಾಗ ಬೇಕಾದರೂ ಬಿಡಬಹುದು. ಕಟ್ಟಿದ ಹಣ ಮರಳದು. ಆ ತಿಂಗಳು ಮುಗಿಯುವವರೆಗೆ ಪಾಠ ನೋಡಬಹುದು. ಕಸೂತಿಯ ನಕ್ಷೆಗಳನ್ನೆಲ್ಲ ಇಳಿಸಿಕೊಂಡು, "ಬಿಡುತ್ತಿದ್ದೇನೆ, ಮುಂದಿನ ಕಂತು ತೆಗೆಯಬೇಡಿ" ಎಂದು ನಡೆಸುವವರಿಗೆ ಬರೆದಳು. "ನಾವೇ ನಿಲ್ಲಿಸುತ್ತೇವೆ" ಎಂದು ಉತ್ತರ ಬಂತು. ಅದನ್ನು ಜೋಪಾನ ಮಾಡಿದೆವು, ಆದರೆ ನಂಬಿ ಕೂರುವುದು ನನಗೇಕೋ ಸರಿಕಾಣಲಿಲ್ಲ.

ಹಣ ಕಳಿಸುವ ಆ್ಯಪಿನಲ್ಲಿ Autopay ತೆರೆದಾಗ ಬಳಗದ ಹೆಸರು ಸಿಕ್ಕಿತು. ಅಲ್ಲಿ Pause ಒತ್ತಿದರೆ ತಾತ್ಕಾಲಿಕ ತಡೆ ಅಷ್ಟೆ, ಬೇಕಾದ್ದು Cancel. ಪಿನ್ ಕೊಟ್ಟಳು, ರದ್ದಾಯಿತೆಂದು ಸಂದೇಶ ಬಂತು. ಕಾರ್ಡಿನಿಂದ ಕಟ್ಟುವವರಾದರೆ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲೇ ರದ್ದು ಮಾಡಿಸಬೇಕು.

6ರಂದು ಸೊರಬದಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸಿ ಫೋನ್ ಮಾಡಿದಳು. 499 ಹೋಗಿರಲಿಲ್ಲ.